ಮೊದಲು ನಾಯಿಯ ಕಿವಿ ನೋಡಿ

(ಬೀದಿನಾಯಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ)

ಪ್ರಶ್ನೆ: ನಮ್ಮ ಬೀದಿಯಲ್ಲಿ 14 ನಾಯಿಗಳಿವೆ. ಒಬ್ಬರು ಮೇಡಂ ದಿನಾ ಅನ್ನ ಹಾಕುತ್ತಾರೆ. ಹೋದ ತಿಂಗಳು ಟ್ಯೂಷನ್‌ನಿಂದ ಬರುತ್ತಿದ್ದ ನನ್ನ ಮಗಳಿಗೆ ಒಂದು ನಾಯಿ ಕಚ್ಚಿತು. ಸಂಘದ ಸಭೆಯಲ್ಲಿ ದೊಡ್ಡ ಜಗಳವೇ ಆಯಿತು. ಎಲ್ಲವನ್ನೂ ಹಿಡಿಸಿ ಊರಾಚೆ ಬಿಟ್ಟರೆ ಏನು ತಪ್ಪು? ನೀವು ಯಾರ ಪರ ಡಾಕ್ಟ್ರೇ? — ವಿದ್ಯಾರಣ್ಯಪುರದ ಓದುಗರು

ಮಗಳ ಲಸಿಕೆಯನ್ನು ಆಸ್ಪತ್ರೆಯವರು ಬರೆದುಕೊಟ್ಟ ಕೊನೆಯ ಡೋಸ್‌ವರೆಗೂ ಹಾಕಿಸಿ. ಗಾಯ ವಾಸಿಯಾಯಿತೆಂದು ಮಧ್ಯದಲ್ಲಿ ಬಿಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೇರೆಲ್ಲ ಮಾತೂ ಅದರ ನಂತರ.

ಇನ್ನು ನನ್ನ ಅಭಿಪ್ರಾಯ. ಇದು ನನ್ನೊಬ್ಬನದು, ಎಷ್ಟೋ ವರ್ಷ ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದವನದು. ಊರಾಚೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆಂದು ನಿಮ್ಮ ಭಯ ಸುಳ್ಳೆಂದೂ ಹೇಳುವುದಿಲ್ಲ. ಮಗುವಿಗೆ ಕಚ್ಚಿಸಿಕೊಂಡ ಮನೆಯವರ ಮುಂದೆ ಪ್ರಾಣಿದಯೆಯ ಪಾಠ ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅನ್ನ ಹಾಕುವವರನ್ನು ಅಪರಾಧಿಯಂತೆ ಸಭೆಯಲ್ಲಿ ನಿಲ್ಲಿಸಿದಾಗಲೂ ಅಷ್ಟೇ ಬೇಸರವಾಗುತ್ತದೆ.

ಎರಡು ವರ್ಷದ ಹಿಂದೆ ಇಂಥದೇ ಜಗಳವಿದ್ದ ಒಂದು ಬಡಾವಣೆಯವರು ನನ್ನನ್ನು ಕರೆದಿದ್ದರು. ಬೆಳಗಿನ ಜಾವ ಐದೂವರೆಗೆ, ಹಾಲಿನ ಗಾಡಿ ಬರುವ ಹೊತ್ತಿಗೆ ಹೋಗಿ ಎಣಿಸಿದೆ. 16 ನಾಯಿ. ಶಸ್ತ್ರಚಿಕಿತ್ಸೆ ಆದ ನಾಯಿಯ ಕಿವಿಯಂಚಿನಲ್ಲಿ ಒಂದು ಸಣ್ಣ ಚೂರು ಕತ್ತರಿಸಿರುತ್ತಾರೆ, ದೂರದಿಂದಲೇ ಕಾಣುತ್ತದೆ. 11 ನಾಯಿಗೆ ಆ ಗುರುತಿತ್ತು. ಉಳಿದ ಐದರಲ್ಲಿ ಮೂರು ಹೆಣ್ಣು, ಒಂದಕ್ಕೆ ಮೊಲೆ ಇಳಿದಿತ್ತು. ಮರಿಗಳು ಎಲ್ಲೋ ಹತ್ತಿರದಲ್ಲೇ ಇದ್ದವು. ಸಂಘದವರ ಪಟ್ಟಿಯಲ್ಲಿದ್ದ ನಾಲ್ಕು ಕಡಿತಗಳಲ್ಲಿ ಎರಡು, ಆ ಮರಿಗಳಿದ್ದ ಖಾಲಿ ಸೈಟಿನ ಮುಂದೆಯೇ ಆಗಿದ್ದವು. ಮರಿ ಇರುವ ಹೆಣ್ಣುನಾಯಿಗೆ ಪಕ್ಕದಲ್ಲಿ ನಡೆದುಹೋಗುವ ಯಾರೂ ಕಳ್ಳರೇ. ಹೆಣ್ಣುನಾಯಿ ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಸುಮಾರು 63 ದಿನ. ಬೆದೆಯ ಕಾಲದಲ್ಲಿ ಗಂಡುಗಳ ಹಿಂಡು, ಆಮೇಲೆ ಮರಿಗಳ ಕಾವಲು. ಬೀದಿಯ ಗಲಾಟೆಯಲ್ಲಿ ದೊಡ್ಡ ಪಾಲು ಈ ಮೂರು ಹೆಣ್ಣುಗಳ ಸುತ್ತಲೇ ಇತ್ತು.

ಅಲ್ಲಿಗೆ ಪಾಲಿಕೆಯ ಗಾಡಿ ಎರಡು ಸಲ ಬಂದು ಹೋಗಿತ್ತು. ಸಿಕ್ಕಿದ್ದು ನಾಲ್ಕು ನಾಯಿ, ನಾಲ್ಕೂ ಕಿವಿ ಗುರುತಿನವು. ಇದರಲ್ಲಿ ಆಶ್ಚರ್ಯವಿಲ್ಲ. ಬಲೆಗೆ ಬೀಳುವುದು ಸಾಧು ನಾಯಿ. ಒಮ್ಮೆಯೂ ಸಿಗದ ಹೆಣ್ಣುನಾಯಿ ಗಾಡಿಯ ಸದ್ದು ಕೇಳಿದೊಡನೆ ಮೋರಿ ದಾಟಿಬಿಡುತ್ತದೆ. ಅದನ್ನು ಹಿಡಿಯಬಲ್ಲವರು ಆ ಬೀದಿಯಲ್ಲಿ ಒಬ್ಬರೇ ಇದ್ದರು: ಅನ್ನ ಹಾಕುತ್ತಿದ್ದ ನಿವೃತ್ತ ಬ್ಯಾಂಕ್ ಉದ್ಯೋಗಿ ಅಮ್ಮ. ಸಭೆಯಲ್ಲಿ ಅವರಿಗೆ ಎಲ್ಲರೂ ಬೈದಿದ್ದರು. ಅವರು ಗಾಡಿ ಬರುವ ದಿನ ಬೇಕೆಂದೇ ನಾಯಿಗಳನ್ನು ಕಾಂಪೌಂಡಿನೊಳಗೆ ಕೂಡಿಡುತ್ತಿದ್ದರು. ನನ್ನ ಇಡೀ ಅಭಿಪ್ರಾಯ ನಿಂತಿರುವುದು ಇದರ ಮೇಲೆ. ನಾಯಿ ಕಡಿಮೆಯಾಗಲಿ ಎನ್ನುವವರಿಗೆ ಅನ್ನ ಹಾಕುವವರ ಸಹಾಯ ಬೇಕೇ ಬೇಕು.

ನಾನು ಆ ಅಮ್ಮನ ಮನೆಗೆ ಹೋಗಿ ಕೂತು ಮಾತಾಡಿದೆ. ಮರಿಗಳು ಹಾಲು ಬಿಡುವವರೆಗೆ ಆ ತಾಯಿಯನ್ನು ಮುಟ್ಟುವುದಿಲ್ಲ, ಉಳಿದ ನಾಲ್ಕನ್ನು ಅವರೇ ಹಿಡಿದುಕೊಡಬೇಕು, ಹಿಂದಿನ ರಾತ್ರಿ ಅನ್ನ ಹಾಕಬಾರದು ಎಂದು ಒಪ್ಪಂದವಾಯಿತು. ಹೊಟ್ಟೆ ತುಂಬಿದ ನಾಯಿಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸನಾಳಕ್ಕೆ ಇಳಿದು ಸಾಯಬಹುದು. ಅವರು ಬ್ರೆಡ್ಡು ತೋರಿಸಿ, ಹೆಸರು ಹಿಡಿದು ಕರೆದು ಬೆಲ್ಟ್ ಹಾಕಿದರು. ನಾಲ್ಕೂ ಕಾಲು ಗಂಟೆಯಲ್ಲಿ ಗಾಡಿ ಹತ್ತಿದವು. ಎರಡು ತಿಂಗಳ ಮೇಲೆ ಆ ತಾಯಿನಾಯಿಯೂ ಬಂತು.

ಎರಡನೆಯ ಷರತ್ತು ಅನ್ನದ ಜಾಗದ್ದು. ಅವರು ಮೂರು ಕಡೆ ಹಾಕುತ್ತಿದ್ದರು, ಅದರಲ್ಲೊಂದು ಪಾರ್ಕಿನ ಗೇಟು. ಅನ್ನ ಬೀಳುವ ಜಾಗವನ್ನು ನಾಯಿ ತನ್ನದೆಂದು ಕಾಯುತ್ತದೆ, ಪಾರ್ಕಿಗೆ ಬರುವ ಮಕ್ಕಳ ಮೇಲೆ ಗುರ್ ಎನ್ನುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಮಕ್ಕಳಾಡುವ ಜಾಗ, ಮೆಟ್ಟಿಲು, ಜನ ಬಂದುಹೋಗುವ ದಾರಿಗಳಿಂದ ದೂರದಲ್ಲಿ ಜಾಗ ಗೊತ್ತು ಮಾಡಿ ಎನ್ನುತ್ತವೆ. ಬೀದಿಯ ಕೊನೆಯ ಮೋರಿ ಪಕ್ಕಕ್ಕೆ, ರಾತ್ರಿ ಒಂಬತ್ತೂವರೆಗೆ ಒಂದೇ ಹೊತ್ತು ಎಂದಾಯಿತು. ತಟ್ಟೆಯನ್ನು ದಿನಾ ಹತ್ತು ಹೆಜ್ಜೆ ಸರಿಸುತ್ತಾ ಹೋದರು. ಅರ್ಧ ಗಂಟೆಯ ಮೇಲೆ ತಟ್ಟೆ ಎತ್ತಿ ನೆಲ ತೊಳೆಯುವುದು ಅವರದೇ ಕೆಲಸ. ಸಂಘದವರ ಪಾಲಿಗೆ ಬಂದದ್ದು ಕೋಳಿ ಅಂಗಡಿ ಪಕ್ಕದ ಕಸದ ಮೂಲೆಯನ್ನು ಮುಚ್ಚಿಸುವುದು. ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಊರಾಚೆ ಬಿಡುವುದನ್ನು ಏಕೆ ಒಪ್ಪುವುದಿಲ್ಲ ಎಂಬುದು ಈಗ ನಿಮಗೆ ಅರ್ಥವಾಗಬಹುದು. ಕಸ ಹಾಗೇ ಉಳಿದರೆ ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿ ಬರುತ್ತದೆ. ಆಪರೇಷನ್ ಆಗಿ, ರೇಬೀಸ್ ಲಸಿಕೆ ಹಾಕಿಸಿಕೊಂಡಿದ್ದ ನಾಯಿಯನ್ನು ಕಳಿಸಿ ಏನೂ ಗೊತ್ತಿಲ್ಲದ ನಾಯಿಯನ್ನು ಕರೆಸಿಕೊಂಡಂತೆ. ಬಿಬಿಎಂಪಿ ಎಣಿಕೆಯಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಇಳಿಕೆ ನಿಧಾನ, ನಿಮ್ಮ ಮಗಳ ಟ್ಯೂಷನ್ ಮುಗಿಯುವುದರೊಳಗೆ ಆಗುವಂಥದಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆಪರೇಷನ್ ಆದ ನಾಯಿ ಕಚ್ಚುವುದೇ ಇಲ್ಲ ಎಂಬುದೂ ನಿಜವಲ್ಲ. ಬೈಕಿನ ಹಿಂದೆ ಓಡುವ ಚಾಳಿ ಕೆಲವಕ್ಕೆ ಉಳಿದೇ ಉಳಿಯುತ್ತದೆ.

ಒಂದು ಮಾತು ಅನ್ನ ಹಾಕುವವರಿಗೆ ಹಿಡಿಸಲಿಕ್ಕಿಲ್ಲ. ಕೆಣಕದೆಯೇ ಮತ್ತೆ ಮತ್ತೆ ಕಚ್ಚುವ ನಾಯಿ ಆ ಬೀದಿಗೆ ವಾಪಸ್ ಬರಬಾರದು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದಲ್ಲೇ ಬಿಡಿ ಎಂದಾಗಲೂ ರೇಬೀಸ್ ಇರುವ, ಶಂಕೆಯಿರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಹೊರಗಿಟ್ಟಿತು. ಹಿಂದೊಮ್ಮೆ ಮೂವರಿಗೆ ಕಚ್ಚಿದ್ದ ಕೆಂದು ಗಂಡುನಾಯಿಯೊಂದನ್ನು, ಹತ್ತು ದಿನ ನೋಡಿ ರೇಬೀಸ್ ಇಲ್ಲವೆಂದಾದ ಮೇಲೆ, ನಾನೇ ಬಿಡಿಸಿದ್ದೆ. ಮೂರನೆಯ ವಾರ ಅದು ಪೇಪರ್ ಹಾಕುವ ಹುಡುಗನ ಮೀನಖಂಡ ಕಿತ್ತಿತು. ಆ ಹುಡುಗನ ಅಮ್ಮ ನನ್ನನ್ನು ಏನೂ ಕೇಳಲಿಲ್ಲ, ಬ್ಯಾಂಡೇಜ್ ಬಿಚ್ಚಿ ತೋರಿಸಿದರು. ಅಂಥ ನಾಯಿಯ ಪರ ನಾನು ಮತ್ತೆ ಸಹಿ ಹಾಕಿಲ್ಲ.

ನೀವು ಈ ಭಾನುವಾರ ಆ ಮೇಡಂ ಜೊತೆ ಒಂದು ಸುತ್ತು ಹೋಗಿ 14 ನಾಯಿಗಳ ಕಿವಿ ನೋಡಿ, ಗುರುತಿಲ್ಲದ ಹೆಣ್ಣುಗಳನ್ನು ಬರೆದುಕೊಳ್ಳಿ. ಆ ಚೀಟಿ ಹಿಡಿದು ಇಬ್ಬರೂ ಒಟ್ಟಿಗೆ ನಿಮ್ಮ ಪಾಲಿಕೆಯ ಪಶುವೈದ್ಯ ವಿಭಾಗಕ್ಕೆ ಹೋಗಿ.

ಪ್ರಶ್ನೆ: ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟಿದರೆ ನಾಯಿ ಬರುವುದಿಲ್ಲವಂತೆ, ನಿಜವೇ?

ಇಲ್ಲ. ಬಿಚ್ಚಿಬಿಡಿ.

ಪ್ರಶ್ನೆ: ಊರಲ್ಲಿ ನಾಯಿ ಕಚ್ಚಿದರೆ ಬೇರು ಅರೆದು ಕೊಡುವವರಿದ್ದಾರೆ. ಅವರ ಕೈಯಲ್ಲಿ ನೂರಾರು ಜನ ಬದುಕಿದ್ದಾರೆ. ಇಂಜೆಕ್ಷನ್ ಬೇಕೇ ಬೇಕಾ?

ಬೇಕೇ ಬೇಕು. ಕಚ್ಚಿದ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದೇ ಇಲ್ಲ. ಆ ನೂರಾರು ಜನ ಬೇರು ಕುಡಿಯದಿದ್ದರೂ ಬದುಕುತ್ತಿದ್ದರು. ರೇಬೀಸ್ ಇದ್ದ ನಾಯಿ ಕಚ್ಚಿದವನಿಗೆ ಬೇರು ಕೊಟ್ಟು ಕಳಿಸುವುದೆಂದರೆ ಅವನ ಜೀವ ತೆಗೆದಂತೆ, ಏಕೆಂದರೆ ನೀರು ಕಂಡರೆ ಹೆದರುವ ಲಕ್ಷಣ ಶುರುವಾದ ಮೇಲೆ ನಮ್ಮ ಯಾರ ಕೈಯಲ್ಲೂ ಔಷಧಿಯಿಲ್ಲ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನಲ್ಲಿ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತೀರಾ ಎಂದು ನೀವೇ ಬಾಯಿಬಿಟ್ಟು ಕೇಳಿ.