‘ಆದ್ರೆ’ ಅಂದ್ಮೇಲೆ ಏನಿತ್ತು?

ಓದುಗರ ಪತ್ರ: “ಅಂಕೋಲೆಯ ನನ್ನ ಅಣ್ಣ ಬೆಂಗಳೂರಿನ ಭಾವಂಗೆ ಕರಿ ಇಶಾಡ ಮಾವಿನ ಹಣ್ಣಿನ ಬಾಕ್ಸ್ ಬಸ್ಸಿಗೆ ಹಾಕಿದ್ದ. ಹಣ್ಣು ಕೊಳೆತು ಹೋಯ್ತು. ವಾಟ್ಸಾಪಲ್ಲಿ ಇಬ್ರಿಗೂ ಜಗಳ ಆಗಿ, ಇಬ್ರೂ ಫ್ಯಾಮಿಲಿ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದ್ದಾರೆ. ಅಣ್ಣಂದು ನೋಡಿದ್ರೆ ಭಾವಂದೇ ತಪ್ಪು, ಭಾವಂದು ನೋಡಿದ್ರೆ ಅಣ್ಣಂದೇ ತಪ್ಪು. ಎರಡೂ ಕಳಿಸಿದ್ದೇನೆ. ಯಾವ್ದು ಸುಳ್ಳು?”

ಸಂಪಾದಕರ ಉತ್ತರ:

ತಂಗೀ, ಎರಡ್ರಲ್ಲಿ ಯಾವ್ದೂ ಸುಳ್ಳು ಅಂತ ನಂಗೆ ಕಾಣ್ಲಿಲ್ಲ, ಯಾರೂ ಅಕ್ಷರ ತಿದ್ದಿದ ಹಾಗಿಲ್ಲ. ಇಬ್ರೂ ತಮಗೆ ಬೇಕಾದಲ್ಲಿ ಶುರು ಮಾಡಿ ಬೇಕಾದಲ್ಲಿ ನಿಲ್ಲಿಸಿದ್ದಾರೆ ಅಷ್ಟೇ.

ಭಾವನ ಚಿತ್ರ ಮುಗಿಯೋದು ಅಣ್ಣನ ಮಾತಿಗೆ, ‘ಬಸ್ಸಿಗೆ ಹಾಕೋವರೆಗೆ ನನ್ ಜವಾಬ್ದಾರಿ, ಆಮೇಲೆ ಏನ್ ಬೇಕಾರೂ ಮಾಡ್ಕ’, ಟೈಮು 7:40. ಅಣ್ಣನ ಚಿತ್ರ ಶುರುವಾಗೋದು 8:14ಕ್ಕೆ ಭಾವ ‘ಕಳ್ಳ’ ಅಂತ ಬೈಯೋದ್ರಿಂದ. ಒಂದ್ರ ಕೆಳಗೆ ಒಂದು ಇಟ್ರೆ ಅರ್ಧ ಗಂಟೆಯಲ್ಲಿ ಸಿಟ್ಟು ಏರಿತು ಅಂತ ಅನಿಸ್ತದೆ, ನಂಗೂ ಮೊದ್ಲು ಹಾಗೇ ಅನಿಸ್ತು. ಆದ್ರೆ ಎರಡು ಚಿತ್ರದಲ್ಲೂ ತಾರೀಖಿನ ಪಟ್ಟಿ ಇಲ್ಲ ನೋಡಿ! ಮೆಸೇಜಿನ ಪಕ್ಕ ಬರೋದು ಗಂಟೆ ನಿಮಿಷ ಮಾತ್ರ, ದಿನ ಅನ್ನೋದು ಮಧ್ಯದಲ್ಲಿ ಬೇರೆಯಾಗಿ ಬರ್ತದೆ, ಕ್ರಾಪ್ ಮಾಡ್ವಾಗ ಅದು ಹಾರಿಹೋಗ್ತದೆ. 7:40 ಶನಿವಾರದ್ದು, 8:14 ಸೋಮವಾರದ್ದು ಅಂದ್ರೂ ನಾವು ಇಲ್ಲ ಅನ್ನೋಕೆ ಆಗೋದಿಲ್ಲ.

ಇನ್ನೊಂದು ಗಮನಿಸಿ. ಅಣ್ಣನ ಥರದ ಆಂಡ್ರಾಯ್ಡ್ ಫೋನಲ್ಲಿ ಒಬ್ರೇ ಬೆನ್ನುಬೆನ್ನಿಗೆ ನಾಲ್ಕು ಮೆಸೇಜ್ ಹಾಕಿದ್ರೆ ಮೊದಲನೇದಕ್ಕೆ ಮಾತ್ರ ಮೇಲಿನ ಮೂಲೇಲಿ ಸಣ್ಣ ಚೂಪು ಮೂತಿ ಇರ್ತದೆ, ಉಳಿದವು ಸಪಾಟಾಗಿ ಅದ್ರ ಕೆಳಗೆ ಕೂರ್ತವೆ. ಅಣ್ಣನ ಚಿತ್ರದಲ್ಲಿ ‘ಕಳ್ಳ’ ಅಂತಿರೋ ಮೊದಲ ಬಬಲ್‌ಗೆ ಮೂತಿನೇ ಇಲ್ಲ. ಅಂದ್ರೆ ಅದ್ರ ಮೇಲೆ ಭಾವ ಇನ್ನೇನೋ ಬರೆದಿದ್ದ, ಅಣ್ಣ ಅದನ್ನ ಬಿಟ್ಟು ಕತ್ತರಿ ಹಾಕಿದ. ಅದು ಕೊಳೆತ ಹಣ್ಣಿನ ಫೋಟೋ ಆಗಿರಬಹುದು, ಇನ್ನೂ ಕೆಟ್ಟ ಬೈಗುಳ ಇದ್ದು ಅಕ್ಕನ ಮುಖ ನೋಡಿ ಮುಚ್ಚಿದ್ದೂ ಇರಬಹುದು. ಏನೋ ಇತ್ತು ಅನ್ನೋದಷ್ಟೇ ಗ್ಯಾರಂಟಿ.

ಜಗಳದ ಬೇರು ಇರೋದು ಅಣ್ಣನ ಚಿತ್ರದ 8:16ರ ಮೆಸೇಜಲ್ಲಿ. ಅಲ್ಲಿ ಅಣ್ಣ ಭಾವನ ಹಳೇ ಮಾತನ್ನ ಎತ್ತಿ ಹಿಡಿದು ರಿಪ್ಲೈ ಮಾಡಿದ್ದಾನೆ, ಮೇಲಿನ ಡಬ್ಬಿಯಲ್ಲಿ ಕಾಣೋದು ಹೀಗೆ: ‘ನಾ ಊರಲ್ಲಿಲ್ಲ, ಶನಿವಾರಾನೇ ಬಸ್ಸಿಗೆ ಹಾಕು, ನಮ್ ಹುಡುಗ ಹೋಗಿ ತಗೋತಾನೆ, ಆದ್ರೆ…’ ಅಲ್ಲಿಗೆ ಕಟ್. ಇದನ್ನ ಅಣ್ಣ ಕತ್ತರಿಸಿದ್ದಲ್ಲ, ಉದ್ದದ ಮೆಸೇಜಿಗೆ ರಿಪ್ಲೈ ಮಾಡಿದ್ರೆ ವಾಟ್ಸಾಪೇ ಮೊದಲ ಕೆಲವೇ ಸಾಲು ತೋರಿಸಿ ಉಳಿದಿದ್ದನ್ನ ಮಡಚಿ ಇಡ್ತದೆ. ಈಗ ಆ ‘ಆದ್ರೆ’ ಆದ್ಮೇಲೆ ‘ಕಾಯಿ ಗಟ್ಟಿ ಇದ್ರೆ ಮಾತ್ರ’ ಅಂತ ಇದ್ರೆ ಭಾವನ ಕೇಸು ಗಟ್ಟಿ, ಯಾಕಂದ್ರೆ ಕರಿ ಇಶಾಡದ ಸಿಪ್ಪೆ ತೆಳು, ಹಣ್ಣಾದದ್ದನ್ನ ಡಬ್ಬಿಗೆ ತುಂಬಿ ಘಟ್ಟ ಹತ್ತಿಸಿದ್ರೆ ಏನಾಗ್ತದೆ ಅಂತ ಅಂಕೋಲೆಯವ್ರಿಗೆ ನಾ ಹೇಳ್ಬೇಕಾ. ‘ಲೇಟಾದ್ರೆ ನಿಂಗೆ ಸಂಬಂಧ ಇಲ್ಲ’ ಅಂತ ಇದ್ರೆ ಅಣ್ಣ ಗೆದ್ದ. ಈ ಮೆಸೇಜು ಭಾವನ ಚಿತ್ರದಲ್ಲಿ ಇಲ್ವೇ ಇಲ್ಲ, ಅವನದ್ದೇ ಮಾತು ಆಗಿದ್ರೂ.

ಹಾಗಾಗಿ ನೀವು ಮಾಡ್ಬೇಕಾದ್ದು ಇಷ್ಟು. ಅಣ್ಣನ ಫೋನು ಕೈಗೆ ತಗೊಂಡು ಆ ಡಬ್ಬಿ ಮೇಲೆ ಒಂದ್ಸಲ ಒತ್ತಿ, ಸೀದಾ ಮೂಲ ಮೆಸೇಜಿಗೆ ಹೋಗ್ತದೆ, ಪೂರ್ತಿ ಓದಿ, ಅಲ್ಲಿಂದ ಕೆಳಗೆ ನಿಧಾನ ಬನ್ನಿ. ಅಷ್ಟಕ್ಕೇ ತೀರ್ಪು ಕೊಡ್ಬೇಡಿ, ಯಾಕಂದ್ರೆ Delete for me ಅಂತ ಒತ್ತಿದ್ರೆ ಆ ಮೆಸೇಜು ಅವರ ಫೋನಲ್ಲಿ ಗುರುತೂ ಇಲ್ಲದೆ ಹೋಗ್ತದೆ, ಎದುರಿನವ್ರ ಫೋನಲ್ಲಿ ಮಾತ್ರ ಉಳೀತದೆ. Delete for everyone ಆದ್ರೆ ಅಳಿಸಿದ್ದು ಅಂತ ಒಂದು ಸಾಲಾದ್ರೂ ಉಳೀತದೆ, ತಿದ್ದಿದ್ರೆ Edited ಅಂತ ಬರ್ತದೆ. ಅದ್ಕೇ ಇಬ್ರ ಫೋನಿಂದ್ಲೂ Export chat ಕೊಟ್ಟು, ಫೋಟೋ ಬಿಟ್ಟು ಬರೀ ಅಕ್ಷರದ ಫೈಲ್ ತರಿಸ್ಕೊಳ್ಳಿ. ಅದ್ರಲ್ಲಿ ಪ್ರತಿ ಮೆಸೇಜಿಗೂ ತಾರೀಖು, ಟೈಮು, ಹೆಸ್ರು ಇರ್ತದೆ, ಅಕ್ಕಪಕ್ಕ ಇಟ್ಟು ನೋಡಿದ್ರೆ ಒಂದ್ರಲ್ಲಿ ಇದ್ದು ಇನ್ನೊಂದ್ರಲ್ಲಿ ಇಲ್ಲದ ಸಾಲು ತಾನಾಗೇ ಸಿಗ್ತದೆ. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನೂ ತಿದ್ದೋಕೆ ಬರ್ತದೆ ಬಿಡಿ, ಆದ್ರೆ ಇಬ್ರ ಫೈಲೂ ಒಂದೇ ಥರ ಇರೋ ಹಾಗೆ ತಿದ್ದೋಕೆ ಭಾವ-ಭಾವಮೈದ ಮೊದ್ಲು ರಾಜಿ ಆಗ್ಬೇಕಲ್ಲ!

ಒಂದು ಮಾತ್ರ ಯಾವ ಫೈಲಲ್ಲೂ ಸಿಗೋದಿಲ್ಲ, ಫೋನಲ್ಲಿ ಆಡಿದ ಮಾತು. ನಮ್ ಕಡೆಯವ್ರು ಟೈಪ್ ಮಾಡಿ ಮಾಡಿ ಬೇಜಾರಾಗಿ ಕೊನೆಗೆ ಕಾಲ್ ಮಾಡೇ ಮಾಡ್ತಾರೆ. ಆ ದಿನ ಕಾಲ್ ಆಗಿತ್ತಾ ಅಂತ ಇಬ್ರನ್ನೂ ಬೇರೆ ಬೇರೆ ಕೂರಿಸಿ ಕೇಳಿ, ಕಾಲ್ ಲಾಗ್ ಅಳಿಸೋಕೆ ಮೊದ್ಲು.