ಗ್ರಂಥಋಣದಲ್ಲಿ ‘ಗೂಗಲ್’ ಎಂದು ಬರೆದದ್ದರ ಬಗ್ಗೆ

“ಎಂಟನೇ ತರಗತಿ, ಉಡುಪಿ. ಯಕ್ಷಗಾನ ಪ್ರಾಜೆಕ್ಟಿನ ಕೊನೆಗೆ ‘ಕಾರಂತರ ಪುಸ್ತಕ, ಗೂಗಲ್, ಪೇಪರ್’ ಎಂದು ಬರೆದೆ. ಟೀಚರ್ ತಿದ್ದಿ ತರಲು ಹೇಳಿದರು. ಹೇಗೆ?”

ನೀವು ಓದಿದ್ದನ್ನು ಬರೆಯದೆ, ಅದು ಸಿಕ್ಕಿದ ಜಾಗವನ್ನು ಬರೆದಿರುವುದೇ ಬಹುಶಃ ತೊಡಕು. ಗೂಗಲ್ ಹುಡುಕಿಕೊಟ್ಟಿತಷ್ಟೇ, ನೀವು ಓದಿದ್ದು ಬೇರೊಂದು ಪುಟವನ್ನು.

ಮೊದಲು ಪುಸ್ತಕದ ಮುಖಪುಟವನ್ನು ಬಿಟ್ಟು ಒಳಪುಟವನ್ನು ತೆರೆದು, ಲೇಖಕರು, ಶೀರ್ಷಿಕೆ, ಊರು, ಪ್ರಕಾಶಕರು, ವರ್ಷ ಎಂಬ ಕ್ರಮದಲ್ಲಿ ಬರೆದುಕೊಳ್ಳಿ. ಹಲವು ಮುದ್ರಣಗಳ ವರ್ಷಗಳಿದ್ದರೆ ನಿಮ್ಮ ಕೈಯಲ್ಲಿರುವ ಪ್ರತಿಯ ವರ್ಷವನ್ನೇ ಹಾಕಬೇಕು. ವೆಬ್‌ಪುಟಕ್ಕೆ ಪುಟದ ಶೀರ್ಷಿಕೆ, ತಾಣದ ಹೆಸರು, ಪೂರ್ಣ ವಿಳಾಸ ಮತ್ತು ನೀವು ನೋಡಿದ ದಿನಾಂಕ ಬೇಕು, ಏಕೆಂದರೆ ಅಲ್ಲಿನ ಬರಹ ನಾಳೆ ಬದಲಾಗಬಹುದು. ಪತ್ರಿಕೆಗೆ ವರದಿಯ ತಲೆಬರಹ, ಪತ್ರಿಕೆ, ಆವೃತ್ತಿ, ದಿನಾಂಕ, ಪುಟ. ಕತ್ತರಿಸಿಟ್ಟ ತುಣುಕಿನಲ್ಲಿ ದಿನಾಂಕ ಹೋಗಿದ್ದರೆ ಗ್ರಂಥಾಲಯದ ಹಳೆಯ ಸಂಚಿಕೆಗಳಲ್ಲಿ ಹುಡುಕಬೇಕಾದೀತು.

```
ಕಾರಂತ, ಕೆ. ಶಿವರಾಮ. ಯಕ್ಷಗಾನ ಬಯಲಾಟ. ಪುತ್ತೂರು: ಹರ್ಷ ಪ್ರಕಟಣಾಲಯ, 1957.
“ಯಕ್ಷಗಾನ”. ವಿಕಿಪೀಡಿಯ. https://kn.wikipedia.org/wiki/ಯಕ್ಷಗಾನ (ನೋಡಿದ ದಿನಾಂಕ)
“ವರದಿಯ ತಲೆಬರಹ”. ಉದಯವಾಣಿ, ಮಣಿಪಾಲ, ದಿನಾಂಕ, ಪುಟ.
```

ಇವನ್ನು ಪ್ರತಿ ಸಾಲಿನ ಮೊದಲ ಪದ ನೋಡಿ ವರ್ಣಮಾಲೆಯಂತೆ ಜೋಡಿಸಿ. ‘ಡಾ.’, ‘ಶ್ರೀ’ ಲೆಕ್ಕಕ್ಕಿಲ್ಲ. ಹೀಗಾಗಿ ಕಾರಂತರು ‘ಕ’ದಲ್ಲಿ, ವಿಕಿಪೀಡಿಯದ ಪುಟ ‘ಯ’ದಲ್ಲಿ ಬರುತ್ತದೆ, ವರದಿಗಾರರ ಹೆಸರಿಲ್ಲದ ಸುದ್ದಿಯ ಸ್ಥಾನವನ್ನು ಅದರ ತಲೆಬರಹವೇ ನಿರ್ಧರಿಸುತ್ತದೆ. ಕೆಲವು ಶಾಲೆಗಳಲ್ಲಿ ಪುಸ್ತಕ, ಪತ್ರಿಕೆ, ಜಾಲತಾಣಗಳನ್ನು ಬೇರೆ ಬೇರೆ ಗುಂಪು ಮಾಡಿಸುತ್ತಾರೆ. ನಿಮ್ಮಲ್ಲಿ ಯಾವ ರೂಢಿಯೆಂದು ಟೀಚರನ್ನೇ ಕೇಳಿ, ಆಮೇಲೆ ಶುದ್ಧಪ್ರತಿ ಬರೆಯಿರಿ.