ತೆರಿಗೆ ಕಡಿತದಿಂದ ಕರೆನ್ಸಿ ಕುಸಿಯುವುದೇ?

"ಹಾವೇರಿಯಿಂದ ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುತ್ತೇವೆ. ಸರ್ಕಾರ ತೆರಿಗೆ ಇಳಿಸಿ ಸಾಲ ಮಾಡಿದರೆ ರೂಪಾಯಿ ಕುಸಿಯಲೇಬೇಕಲ್ಲವೇ?"

ಹಾಗೇನಿಲ್ಲ ಸರ್. ಬಂಡವಾಳ ಗಡಿ ದಾಟಿ ಸುಲಭವಾಗಿ ಹರಿಯುವ, ಕರೆನ್ಸಿಯ ಬೆಲೆಯನ್ನು ಮಾರುಕಟ್ಟೆಯೇ ನಿರ್ಧರಿಸುವ ಕಡೆ ಅರ್ಥಶಾಸ್ತ್ರದ ಮುಂಡೆಲ್-ಫ್ಲೆಮಿಂಗ್ ಮಾದರಿ ಹೇಳುವುದು ಇದಕ್ಕೆ ವಿರುದ್ಧ: ಸರ್ಕಾರದ ಸಾಲ ಬಡ್ಡಿದರವನ್ನು ಮೇಲಕ್ಕೆ ಒತ್ತುತ್ತದೆ, ಆ ಬಡ್ಡಿಗಾಗಿ ಬರುವ ವಿದೇಶಿ ಹೂಡಿಕೆದಾರರು ಮೊದಲು ಆ ದೇಶದ ಕರೆನ್ಸಿಯನ್ನೇ ಕೊಳ್ಳಬೇಕಾದ್ದರಿಂದ ಅದು ಬಲಗೊಳ್ಳುತ್ತದೆ, ಮತ್ತು ರಫ್ತು ಕುಗ್ಗಿ ಹೊಸ ಬೇಡಿಕೆಯ ಲಾಭವನ್ನು ಅಳಿಸುತ್ತದೆ. ಅಮೆರಿಕದಲ್ಲಿ 1981ರ ತೆರಿಗೆ ಕಡಿತ, ರಕ್ಷಣಾ ವೆಚ್ಚ ಮತ್ತು ಕೇಂದ್ರ ಬ್ಯಾಂಕಿನ ಬಿಗಿಯಾದ ಹಣಕಾಸು ನೀತಿ ಒಟ್ಟುಗೂಡಿ ಡಾಲರ್ 1985ರ ಆರಂಭದವರೆಗೆ ಏರಿತು. ಅಲ್ಲಿನ ರಫ್ತುದಾರರು ನಲುಗಿದರು. ಆದರೆ ಸಾಲ ತೀರೀತೆಂಬ ನಂಬಿಕೆಯೇ ಅಲುಗಿದರೆ, 2022ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪೌಂಡಿಗೆ ಆದಂತೆ, ಬಡ್ಡಿ ಏರಿದರೂ ಕರೆನ್ಸಿ ಬೀಳುತ್ತದೆ. ನಮ್ಮಲ್ಲಿ ಬಂಡವಾಳಕ್ಕೆ ನಿರ್ಬಂಧಗಳಿದ್ದು ರಿಸರ್ವ್ ಬ್ಯಾಂಕ್ ಕೂಡ ಮಧ್ಯಪ್ರವೇಶಿಸುವುದರಿಂದ, ಬಾಂಡ್ ಬಡ್ಡಿಯೂ ರೂಪಾಯಿಯೂ ಜೊತೆಯಾಗಿ ಏರುತ್ತಿವೆಯೇ ಎಂಬುದನ್ನೇ ಗಮನಿಸಿ.